ಆಕಾಶಗಂಗೆಯಲ್ಲಿ ನಮಗೆ ನೆರೆಯವರೆಷ್ಟು?

1960ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರೀನ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಫ್ರಾಂಕ್ ಡ್ರೇಕ್ ಎಂಬ ತರುಣ ಖಗೋಳವಿಜ್ಞಾನಿ 26 ಮೀಟರ್ ಅಗಲದ ರೇಡಿಯೊ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆಗೆ ತಿರುಗಿಸಿದರು. ಒಂದು ಟೌ ಸೆಟಿ, ಇನ್ನೊಂದು ಎಪ್ಸಿಲಾನ್ ಎರಿಡಾನಿ. ಎರಡೂ ನಮ್ಮಿಂದ ಹತ್ತು ಹನ್ನೆರಡು ಜ್ಯೋತಿರ್ವರ್ಷಗಳ ಅಂತರದಲ್ಲಿರುವ, ಸೂರ್ಯನನ್ನು ಹೋಲುವ ನಕ್ಷತ್ರಗಳು. ಅವುಗಳ ಸುತ್ತ ಯಾರಾದರೂ ಇದ್ದು, ರೇಡಿಯೊ ಸಂಕೇತ ಕಳಿಸುತ್ತಿದ್ದರೆ ಕೇಳಿಸೀತು ಎಂಬುದು ಡ್ರೇಕ್ ಅವರ ಆಸೆ. ಮೊದಮೊದಲು ಒಂದು ಜೋರಾದ ಸಂಕೇತ ಸಿಕ್ಕಿತೂ ಹೌದು. ಆದರೆ ಅದು ಭೂಮಿಯದೇ ಎಂದು ಆಮೇಲೆ ಖಚಿತವಾಯಿತು. ಅದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಮರುವರ್ಷ ನವೆಂಬರ್‌ನಲ್ಲಿ ಅದೇ ಗ್ರೀನ್ ಬ್ಯಾಂಕ್‌ನಲ್ಲಿ ಈ ವಿಷಯ ಚರ್ಚಿಸಲು ಒಂದು ಸಣ್ಣ ಸಭೆ ಸೇರಿತು. ಯುವಕ ಕಾರ್ಲ್ ಸೇಗನ್, ರಸಾಯನವಿಜ್ಞಾನಿ ಮೆಲ್ವಿನ್ ಕ್ಯಾಲ್ವಿನ್, ಭೌತವಿಜ್ಞಾನಿ ಫಿಲಿಪ್ ಮಾರಿಸನ್ ಅಲ್ಲಿದ್ದರು. ಚರ್ಚೆಯನ್ನು ಎಲ್ಲಿಂದ ಶುರು ಮಾಡುವುದು, ಯಾವ ಪ್ರಶ್ನೆಯ ನಂತರ ಯಾವುದು ಎಂದು ಯೋಚಿಸುತ್ತ ಡ್ರೇಕ್ ಒಂದು ಸಾಲು ಬರೆದರು. ಇಂದು ಡ್ರೇಕ್ ಸಮೀಕರಣ ಎಂದು ಹೆಸರಾಗಿರುವುದು ಅದೇ:

N = R* × fp × ne × fl × fi × fc × L

ಇದರಲ್ಲಿ ಕಷ್ಟದ ಗಣಿತವೇನೂ ಇಲ್ಲ, ಇರುವುದು ಬರೀ ಗುಣಾಕಾರ. ಆಕಾಶಗಂಗೆಯಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಗ್ರಹಗಳಿವೆ, ಅಂಥ ಒಂದೊಂದು ನಕ್ಷತ್ರಕ್ಕೆ ಜೀವ ತಾಳಬಲ್ಲ ಗ್ರಹಗಳೆಷ್ಟು ಎಂಬುವು ಮೊದಲ ಮೂರು ಅಂಶಗಳು. ಆ ಗ್ರಹಗಳಲ್ಲಿ ನಿಜಕ್ಕೂ ಜೀವ ಹುಟ್ಟುವುದು ಎಷ್ಟರಲ್ಲಿ, ಆ ಜೀವ ಬುದ್ಧಿಶಕ್ತಿಯವರೆಗೆ ಬೆಳೆಯುವುದು ಎಷ್ಟರಲ್ಲಿ, ಬುದ್ಧಿವಂತರಲ್ಲಿ ಬಾಹ್ಯಾಕಾಶಕ್ಕೆ ಸಂಕೇತ ಕಳಿಸುವಷ್ಟು ತಂತ್ರಜ್ಞಾನ ಪಡೆಯುವವರೆಷ್ಟು ಎಂಬುವು ನಂತರದ ಮೂರು. ಕೊನೆಯದು, ಅಂಥ ನಾಗರಿಕತೆ ಸಂಕೇತ ಕಳಿಸುತ್ತ ಎಷ್ಟು ವರ್ಷ ಬಾಳುತ್ತದೆ ಎಂಬುದು. ಈ ಏಳನ್ನೂ ಗುಣಿಸಿದರೆ, ಈ ಹೊತ್ತು ನಮಗೆ ಕೇಳಿಸಬಹುದಾದ ನಾಗರಿಕತೆಗಳ ಸಂಖ್ಯೆ N ಸಿಗುತ್ತದೆ.

ಒಮ್ಮೆ ಲೆಕ್ಕ ಹಾಕಿಯೇ ನೋಡೋಣ. ಮೊದಲ ಮೂರು ಅಂಶಗಳು ಇಂದು ಸಾಕಷ್ಟು ಗಟ್ಟಿ ನೆಲದ ಮೇಲಿವೆ. ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ನಕ್ಷತ್ರ ಹುಟ್ಟುತ್ತವೆ. 1961ರಲ್ಲಿ ಸೌರವ್ಯೂಹದ ಆಚೆಗಿನ ಗ್ರಹ ಒಂದೂ ಗೊತ್ತಿರಲಿಲ್ಲ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕದ ನಂತರವಂತೂ ಗ್ರಹವಿಲ್ಲದ ನಕ್ಷತ್ರವೇ ಅಪರೂಪ ಎಂಬುದು ಸ್ಪಷ್ಟವಾಗಿದೆ. ಹಾಗಾಗಿ ಎರಡನೆಯ ಅಂಶವನ್ನು 1 ಎಂದೇ ಇಟ್ಟುಕೊಳ್ಳಬಹುದು. ಜೀವ ತಾಳಬಲ್ಲ ಗ್ರಹ ಐದು ನಕ್ಷತ್ರಗಳಿಗೆ ಒಂದು ಎಂದುಕೊಂಡರೆ, ಇಲ್ಲಿಯವರೆಗಿನ ಗುಣಲಬ್ಧ 0.4.

ಇನ್ನು ಮುಂದೆ ಅಂಕಿಗಳನ್ನು ನಾವೇ ಊಹಿಸಬೇಕು. ಆಶಾವಾದಿಯೊಬ್ಬರು ಹೇಳುತ್ತಾರೆ: ಅನುಕೂಲವಿದ್ದಲ್ಲೆಲ್ಲ ಜೀವ ಹುಟ್ಟುತ್ತದೆ, ಹುಟ್ಟಿದ್ದು ಬುದ್ಧಿಯವರೆಗೆ ಬೆಳೆಯುತ್ತದೆ, ಅರ್ಧದಷ್ಟು ಬುದ್ಧಿವಂತರು ರೇಡಿಯೊ ಕಂಡುಹಿಡಿಯುತ್ತಾರೆ, ಹತ್ತು ಸಾವಿರ ವರ್ಷ ಬಾಳುತ್ತಾರೆ. ಗುಣಿಸಿದರೆ 2,000 ನಾಗರಿಕತೆಗಳು. ಸಂಶಯವಾದಿಯ ಪ್ರಕಾರ ಜೀವ ಹುಟ್ಟುವುದು ಸಾವಿರದಲ್ಲಿ ಒಂದು ಗ್ರಹದಲ್ಲಿ, ಅದು ಬುದ್ಧಿಯಾಗಿ ಬೆಳೆಯುವುದು ಮತ್ತೆ ಸಾವಿರದಲ್ಲಿ ಒಂದರಲ್ಲಿ, ರೇಡಿಯೊ ಬರುವುದು ಹತ್ತರಲ್ಲಿ ಒಂದಕ್ಕೆ. ಬಾಳಿಕೆ ಅಷ್ಟೇ ಹತ್ತು ಸಾವಿರ ವರ್ಷ. ಗುಣಿಸಿದರೆ 0.0004, ಅಂದರೆ ನಮ್ಮಂಥ ಎರಡೂವರೆ ಸಾವಿರ ಗ್ಯಾಲಕ್ಸಿಗಳಿಗೆ ಒಂದು ನಾಗರಿಕತೆ. ಇಬ್ಬರೂ ಒಂದೇ ಸಮೀಕರಣ ಬಳಸಿದ್ದಾರೆ, ಇಬ್ಬರಲ್ಲಿ ಯಾರ ಊಹೆಯನ್ನೂ ತಪ್ಪೆನ್ನಲು ನಮ್ಮಲ್ಲಿ ಪುರಾವೆ ಇಲ್ಲ.

ಪುರಾವೆ ಏಕಿಲ್ಲ? ನಮಗೆ ಗೊತ್ತಿರುವ ಜೀವಲೋಕ ಒಂದೇ, ನಮ್ಮ ಭೂಮಿ. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸು, ಇಲ್ಲಿನ ಜೀವಕ್ಕೆ ಕನಿಷ್ಠ 350 ಕೋಟಿ ವರ್ಷ. ಇಷ್ಟು ಬೇಗ ಹುಟ್ಟಿದೆ ಎಂದಮೇಲೆ ಜೀವ ಹುಟ್ಟುವುದು ಸುಲಭ ಎಂದು ಅನಿಸುವುದು ಸಹಜ. ಆದರೆ ರೇಡಿಯೊ ಕಟ್ಟಬಲ್ಲ ಜೀವಿ ಬರಲು ಅಲ್ಲಿಂದ ಮುಂದೆ 350 ಕೋಟಿ ವರ್ಷ ಬೇಕಾಯಿತು. ಎಲ್ಲ ಕಡೆಯೂ ಅಷ್ಟು ಕಾಲ ಬೇಕಾಗುವುದಾದರೆ, ಜೀವ ತಡವಾಗಿ ಹುಟ್ಟಿದ ಗ್ರಹಗಳಲ್ಲಿ ಈ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಕೇಳುವವರು ಇರುವುದೆಲ್ಲ ಬೇಗ ಹುಟ್ಟಿದ ಕಡೆಗಳಲ್ಲೇ. ಆದ್ದರಿಂದ ನಮ್ಮದೊಂದೇ ಉದಾಹರಣೆಯಿಂದ ಜೀವ ಸುಲಭವೋ ದುರ್ಲಭವೋ ಎಂದು ನಿರ್ಧರಿಸಲಾಗದು.

ಇಲ್ಲಿಗೆ ಬಂದಾಗ ಬಹಳ ಮಂದಿ ಒಂದು ಮಧ್ಯದ ದಾರಿ ಹಿಡಿಯುತ್ತಾರೆ. ಪ್ರತಿ ಅಂಶಕ್ಕೂ ಒಂದು ಸರಾಸರಿ ಅಂಕಿ ಇಟ್ಟು, ಗುಣಿಸಿ, ಬಂದ ಉತ್ತರವನ್ನು ನಂಬುತ್ತಾರೆ. ಈ ದಾರಿಯಲ್ಲೇ ದೊಡ್ಡ ಮೋಸವಿದೆ ಎಂದು ಆಂಡರ್ಸ್ ಸ್ಯಾಂಡ್‌ಬರ್ಗ್, ಎರಿಕ್ ಡ್ರೆಕ್ಸ್ಲರ್ ಮತ್ತು ಟೋಬಿ ಆರ್ಡ್ 2018ರಲ್ಲಿ ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅವರ ಸರಳ ಉದಾಹರಣೆ ಹೀಗಿದೆ. ಒಂದು ನಕ್ಷತ್ರದ ಬಳಿ ನಾಗರಿಕತೆ ಹುಟ್ಟಲು ಒಂಬತ್ತು ಹಂತ ದಾಟಬೇಕು ಎಂದುಕೊಳ್ಳಿ. ಪ್ರತಿ ಹಂತದ ಸಾಧ್ಯತೆ ನಮಗೆ ಸರಿಯಾಗಿ ಗೊತ್ತಿಲ್ಲ, 0ಯಿಂದ 0.2ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಸರಾಸರಿ 0.1 ಹಿಡಿದು ಒಂಬತ್ತು ಸಲ ಗುಣಿಸಿದರೆ ನೂರು ಕೋಟಿ ನಕ್ಷತ್ರಗಳಿಗೆ ಒಂದು ನಾಗರಿಕತೆ. ಗ್ಯಾಲಕ್ಸಿಯಲ್ಲಿ ಹತ್ತು ಸಾವಿರ ಕೋಟಿ ನಕ್ಷತ್ರಗಳಿದ್ದರೆ ಒಟ್ಟು ನೂರು. ನೂರು ಇರಬೇಕಾದಲ್ಲಿ ಒಂದೂ ಕಾಣುತ್ತಿಲ್ಲವಲ್ಲ ಎಂದು ಆಗ ಯಾರಿಗಾದರೂ ಆಶ್ಚರ್ಯವಾಗುತ್ತದೆ.

ಈಗ ಸರಾಸರಿಯನ್ನು ಬಿಟ್ಟು, ಪ್ರತಿ ಹಂತಕ್ಕೂ 0 ಮತ್ತು 0.2ರ ನಡುವಿನ ಯಾವುದೋ ಒಂದು ಅಂಕಿಯನ್ನು ಕಂಪ್ಯೂಟರ್‌ನಿಂದ ಎತ್ತಿಸಿ, ಇದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿ. ಒಂಬತ್ತರಲ್ಲಿ ಎರಡು ಮೂರು ಅಂಕಿಗಳು ಸೊನ್ನೆಗೆ ತೀರಾ ಹತ್ತಿರ ಬಿದ್ದರೆ ಸಾಕು, ಇಡೀ ಗುಣಲಬ್ಧ ಕುಸಿಯುತ್ತದೆ. ಎಲ್ಲವೂ 0.2ರ ಹತ್ತಿರ ಬಿದ್ದರೆ ಉತ್ತರ ಐವತ್ತು ಸಾವಿರದವರೆಗೂ ಏರುತ್ತದೆ. ಸರಾಸರಿಯನ್ನು ನೂರಕ್ಕೆ ಎತ್ತಿರುವುದು ಇಂಥ ಕೆಲವೇ ದೊಡ್ಡ ಉತ್ತರಗಳು. ಆದರೆ ಗ್ಯಾಲಕ್ಸಿ ಪೂರ್ತಿ ಖಾಲಿಯಾಗಿರುವ ಸಾಧ್ಯತೆ ಶೇ 21ಕ್ಕೂ ಹೆಚ್ಚು! ಸರಾಸರಿ ನೂರು ಎಂಬುದೂ ನಿಜ, ಐದರಲ್ಲಿ ಒಂದು ಪಾಲು ಯಾರೂ ಇಲ್ಲ ಎಂಬುದೂ ನಿಜ. ಡ್ರೇಕ್ ಸಮೀಕರಣದ ನಿಜವಾದ ಅಂಶಗಳ ಅನಿಶ್ಚಿತತೆ ಈ ಉದಾಹರಣೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ, ಆಕಾಶಗಂಗೆಯಲ್ಲಿ ನಾವೊಬ್ಬರೇ ಇರುವ ಸಾಧ್ಯತೆ ಶೇ 53ರಿಂದ 99.6ರ ನಡುವೆ ಎಂದು ಆ ಮೂವರು ಹೇಳಿದರು.

1950ರಲ್ಲಿ ಲಾಸ್ ಅಲಮಾಸ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಎನ್ರಿಕೊ ಫರ್ಮಿ ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ: ಅವರೆಲ್ಲ ಎಲ್ಲಿದ್ದಾರೆ? ಬೆಳಕಿನ ವೇಗದ ನೂರನೇ ಒಂದು ಭಾಗದಲ್ಲಿ ಸಾಗಿದರೂ ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಆಕಾಶಗಂಗೆಯನ್ನು ದಾಟಲು ಒಂದು ಕೋಟಿ ವರ್ಷ ಸಾಕು. ಸಾವಿರ ಕೋಟಿ ವರ್ಷಕ್ಕೂ ಹಳೆಯ ಗ್ಯಾಲಕ್ಸಿಗೆ ಅದು ಅಲ್ಪ ಕಾಲ. ಹಾಗಾಗಿ ಯಾರಾದರೂ ಇದ್ದಿದ್ದರೆ ಇಷ್ಟರಲ್ಲಿ ಎಲ್ಲೆಡೆ ಹರಡಿರಬೇಕಿತ್ತು ಎಂಬುದು ವಾದ. ಬಹಳ ಮಂದಿ ಇದ್ದೇ ಇರಬೇಕು ಎಂದು ನಂಬಿದವರಿಗೆ ಮಾತ್ರ ಇದು ಒಗಟು. ಹಾಗೆ ನಂಬಲು ಆಧಾರವೇ ಇಲ್ಲ ಎಂದಾದರೆ ಒಗಟಿನ ಬಿಗಿ ಸಡಿಲವಾಗುತ್ತದೆ.

ಇನ್ನು ಆಶಾವಾದಿಯ 2,000 ನಾಗರಿಕತೆಗಳೇ ಸರಿ ಎಂದು ಒಪ್ಪಿಕೊಂಡರೂ ಆಕಾಶ ಗದ್ದಲದಿಂದ ತುಂಬಿರುವುದಿಲ್ಲ. ಆಕಾಶಗಂಗೆಯ ತಟ್ಟೆಯಲ್ಲಿ ಅವನ್ನು ಸಮನಾಗಿ ಹಂಚಿದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 2,000 ಜ್ಯೋತಿರ್ವರ್ಷ. ಒಂದು ಮಾತು ಕೇಳಿ ಉತ್ತರ ಪಡೆಯಲು ನಾಲ್ಕು ಸಾವಿರ ವರ್ಷ. ಬಾಳಿಕೆಯನ್ನು ಹತ್ತು ಸಾವಿರದಿಂದ ಒಂದು ಸಾವಿರ ವರ್ಷಕ್ಕೆ ಇಳಿಸಿ ನೋಡಿ. ಸಂಖ್ಯೆ 200ಕ್ಕೆ ಇಳಿಯುತ್ತದೆ, ನಡುವಿನ ಅಂತರ ಆರು ಸಾವಿರ ಜ್ಯೋತಿರ್ವರ್ಷ ದಾಟುತ್ತದೆ. ಆಗ ನಮ್ಮನ್ನು ತಲುಪುವ ಸಂಕೇತವನ್ನು ಕಳಿಸಿದವರು ಅದು ತಲುಪುವ ಹೊತ್ತಿಗೆ ಅಳಿದಿರುತ್ತಾರೆ. ನಾವು ರೇಡಿಯೊ ಬಳಸಲು ಶುರುಮಾಡಿ ನೂರು ಚಿಲ್ಲರೆ ವರ್ಷವಷ್ಟೇ ಆಗಿದೆ ಎಂಬುದನ್ನೂ ನೆನಪಿಡಬೇಕು.

ಮೌನಕ್ಕೆ ಇನ್ನೊಂದು ಕಾರಣ, ನಾವು ಕೇಳಿಸಿಕೊಂಡಿರುವುದೇ ಕಡಿಮೆ. ಯಾವ ದಿಕ್ಕು, ಯಾವ ಫ್ರೀಕ್ವೆನ್ಸಿ, ಯಾವ ಹೊತ್ತು, ಎಷ್ಟು ಕ್ಷೀಣ ಸಂಕೇತ ಎಂಬುದನ್ನೆಲ್ಲ ಸೇರಿಸಿದರೆ ಹುಡುಕಬೇಕಾದ ಜಾಗ ಅಗಾಧ. ಜೇಸನ್ ರೈಟ್, ಶುಭಂ ಕಾನೋಡಿಯ ಮತ್ತು ಎಮಿಲಿ ಲುಬಾರ್ 2018ರಲ್ಲಿ ಇದನ್ನು ಅಳೆದು, ಭೂಮಿಯ ಸಾಗರಗಳಷ್ಟು ನೀರಿನಲ್ಲಿ ನಾವು ಪರೀಕ್ಷಿಸಿರುವುದು ಒಂದು ಸಣ್ಣ ಈಜುಕೊಳದಷ್ಟನ್ನು ಎಂದರು. ಅಷ್ಟು ನೀರಿನಲ್ಲಿ ಮೀನು ಸಿಗಲಿಲ್ಲವೆಂದು ಸಾಗರದಲ್ಲೇ ಮೀನಿಲ್ಲ ಎನ್ನುವಂತಿಲ್ಲ.

ಸಿಕ್ಕಂತೆ ಅನಿಸಿದಾಗಲೂ ಅದು ನಿಜವೇ ಎಂದು ತಿಳಿಯುವುದು ಸುಲಭವಲ್ಲ. 2019ರ ಏಪ್ರಿಲ್ ಕೊನೆಯಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ದೂರದರ್ಶಕ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ನೋಡುತ್ತಿದ್ದಾಗ 982 ಮೆಗಾಹರ್ಟ್ಸ್ ಬಳಿ ಒಂದು ತೀರಾ ಸಪೂರ ಸಂಕೇತ ದಾಖಲಾಯಿತು. ನೈಸರ್ಗಿಕ ಮೂಲಗಳು ಅಷ್ಟು ಸಪೂರ ಸಂಕೇತ ಹೊಮ್ಮಿಸುವುದಿಲ್ಲ. ಅದರ ಫ್ರೀಕ್ವೆನ್ಸಿ ನಿಧಾನವಾಗಿ ಸರಿಯುತ್ತಲೂ ಇತ್ತು, ಚಲಿಸುವ ಮೂಲವೊಂದರಿಂದ ಬಂದಂತೆ. ಇಂಥ ವೀಕ್ಷಣೆಯಲ್ಲಿ ದೂರದರ್ಶಕವನ್ನು ಸ್ವಲ್ಪ ಹೊತ್ತು ನಕ್ಷತ್ರದತ್ತ, ಸ್ವಲ್ಪ ಹೊತ್ತು ಬೇರೆಡೆಗೆ ತಿರುಗಿಸುತ್ತಾರೆ. ಬೇರೆಡೆ ತಿರುಗಿಸಿದಾಗಲೂ ಸಂಕೇತ ಉಳಿದರೆ ಅದು ನಮ್ಮದೇ ಗದ್ದಲ ಎಂದರ್ಥ. ಈ ಸಂಕೇತ ನಕ್ಷತ್ರದತ್ತ ನೋಡಿದಾಗ ಮಾತ್ರ ಕಂಡಿತ್ತು.

ಸೋಫಿಯಾ ಶೇಖ್ ಮತ್ತು ಅವರ ತಂಡ ಆ ದಿನಗಳ ದತ್ತಾಂಶವನ್ನೆಲ್ಲ ಮತ್ತೆ ಜಾಲಾಡಿದಾಗ, ಇದೇ ರೀತಿ ಸರಿಯುವ ಹತ್ತಾರು ಸಂಕೇತಗಳು ಬೇರೆ ಬೇರೆ ಫ್ರೀಕ್ವೆನ್ಸಿಗಳಲ್ಲಿ ಸಿಕ್ಕವು. ಅವುಗಳ ನಡುವಿನ ಅಂತರಗಳು ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸಾಮಾನ್ಯವಾಗಿ ಬಳಸುವ ಗಡಿಯಾರ ಫ್ರೀಕ್ವೆನ್ಸಿಗಳಿಗೆ ಹೊಂದುತ್ತಿದ್ದವು. ಅವುಗಳಲ್ಲಿ ಕೆಲವು ದೂರದರ್ಶಕ ಬೇರೆಡೆ ನೋಡುತ್ತಿದ್ದಾಗಲೂ ಇದ್ದವು. ಮೂಲ ಸಂಕೇತ ತೀರಾ ಕ್ಷೀಣವಾಗಿದ್ದರಿಂದ ಬೇರೆಡೆ ನೋಡಿದ ಅಲ್ಪ ಹೊತ್ತಿನಲ್ಲಿ ಕಂಡಿರಲಿಲ್ಲ, ಅಷ್ಟೇ. ಅದು ಮನುಷ್ಯರ ಉಪಕರಣವೊಂದರ ಗದ್ದಲ ಎಂದು 2021ರಲ್ಲಿ ತೀರ್ಪು ಬಂತು. ಈ ಪರಿಶೀಲನಾ ಕ್ರಮ ಮುಂದಿನ ಎಲ್ಲ ಅಭ್ಯರ್ಥಿ ಸಂಕೇತಗಳಿಗೂ ಅಗತ್ಯ.

ಹಾಗಾದರೆ ಇಂದಿನ ಪ್ರಾಮಾಣಿಕ ಉತ್ತರವೇನು? ಗ್ರಹಗಳು ಹೇರಳವಾಗಿವೆ ಎಂಬುದು ಖಚಿತ. ಜೀವದ ಬಗ್ಗೆ, ಬುದ್ಧಿಯ ಬಗ್ಗೆ, ಬಾಳಿಕೆಯ ಬಗ್ಗೆ ನಮ್ಮಲ್ಲಿ ಅಳತೆ ಇಲ್ಲ, ಊಹೆ ಮಾತ್ರ ಇದೆ. ಮಂಗಳದಲ್ಲೋ ಶನಿಯ ಉಪಗ್ರಹ ಎನ್ಸೆಲಾಡಸ್‌ನಲ್ಲೋ ಭೂಮಿಯದಕ್ಕೆ ಸಂಬಂಧವಿಲ್ಲದ ಸೂಕ್ಷ್ಮಜೀವಿಯೊಂದು ಸಿಕ್ಕರೆ, ಜೀವ ಹುಟ್ಟುವುದು ಅಪರೂಪವಲ್ಲ ಎಂಬುದು ಒಂದೇ ಏಟಿಗೆ ಗೊತ್ತಾಗಿ ಸಮೀಕರಣದ ಒಂದು ದೊಡ್ಡ ಅನಿಶ್ಚಿತತೆ ಕಳೆಯುತ್ತದೆ. ಅಲ್ಲಿಯವರೆಗೆ ಯಾರಾದರೂ ಆಕಾಶಗಂಗೆಯಲ್ಲಿ ಇಂತಿಷ್ಟು ನಾಗರಿಕತೆಗಳಿವೆ ಎಂದು ಒಂದೇ ಅಂಕಿ ಹೇಳಿದರೆ, ಆ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಹೋಗಬಹುದು, ಸೊನ್ನೆಯಾಗುವ ಸಾಧ್ಯತೆ ಎಷ್ಟು ಎಂದು ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ.