ಎರಡು ವಿಭಾಗಗಳ ಅಂಕಗಳ ಹೋಲಿಕೆ: ಹಳಗನ್ನಡ ಪದಬೋಧೆಯ ಒಂದು ಉದಾಹರಣೆಯ ಮೂಲಕ ಟಿ-ಪರೀಕ್ಷೆ

ಭಾಷಾಬೋಧನೆಯನ್ನು ಕುರಿತ ಸಂಶೋಧನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶವೊಂದಿದೆ. ಒಂದೇ ಪಾಠವನ್ನು ಇಬ್ಬಗೆಯಲ್ಲಿ ಕಲಿಸಲಾಗುತ್ತದೆ. ಕೊನೆಯಲ್ಲಿ ಎರಡೂ ಗುಂಪುಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡಲಾಗುತ್ತದೆ. ಒಂದು ಗುಂಪಿನ ಸರಾಸರಿ ಇನ್ನೊಂದರದಕ್ಕಿಂತ ಮೂರು ಅಂಕ ಹೆಚ್ಚಾಗಿರುತ್ತದೆ. ಆ ಮೂರು ಅಂಕ ಬೋಧನೆಯ ಫಲವೋ, ಯಾವ ಎರಡು ಗುಂಪುಗಳ ನಡುವೆಯೂ ಸಹಜವಾಗಿ ಕಾಣಬಹುದಾದ ಏರುಪೇರೋ ಎಂಬುದು ಪ್ರಶ್ನೆ. ಭಾಷಾವಿಜ್ಞಾನದ ತರಬೇತಿಯಿಂದ ಶಿಕ್ಷಣ ಸಂಶೋಧನೆಗೆ ಹೊಸದಾಗಿ ಕಾಲಿಡುವವರನ್ನು ಗಮನದಲ್ಲಿರಿಸಿಕೊಂಡು, ಈ ಪ್ರಶ್ನೆಗೆ ಟಿ-ಪರೀಕ್ಷೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಉದಾಹರಣೆಯನ್ನು ನಮ್ಮ ಕ್ಷೇತ್ರದಿಂದಲೇ ಆರಿಸಿಕೊಳ್ಳಬಹುದು. ಅರಸೀಕೆರೆ ತಾಲೂಕಿನ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳಿವೆ. ಆ ಕಾಲದ ಶಾಸನಗಳ ಕನ್ನಡಕ್ಕೂ ಇಂದಿನ ಮಕ್ಕಳ ಕನ್ನಡಕ್ಕೂ ನಡುವೆ ಇರುವ ಎದ್ದುಕಾಣುವ ಧ್ವನಿವ್ಯತ್ಯಾಸ ಪದಾದಿಯ ಪಕಾರವು ಹಕಾರವಾದದ್ದು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು, ಪಳ್ಳಿ ಹಳ್ಳಿಯಾಯಿತು. ಊರಿನ ಹೆಸರಿನ ಉತ್ತರಪದದಲ್ಲಿಯೇ ಈ ನಿಯಮದ ಗುರುತಿದೆ. ಇಂಥ ಊರಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಎರಡು ವಿಭಾಗಗಳಿವೆಯೆಂದು ಭಾವಿಸೋಣ. ‘ಎ’ ವಿಭಾಗಕ್ಕೆ ಪ-ಹ ನಿಯಮವನ್ನೇ ತಿಳಿಸಿ ಪದಗಳನ್ನು ಬಿಡಿಸಲು ಕಲಿಸಲಾಗುತ್ತದೆ; ‘ಬಿ’ ವಿಭಾಗಕ್ಕೆ ಪಾಠದ ಕೊನೆಯ ಪದಕೋಶವನ್ನು ಬಾಯಿಪಾಠ ಮಾಡಿಸಲಾಗುತ್ತದೆ. ನಂತರ ಇಬ್ಬರಿಗೂ 25 ಹಳಗನ್ನಡ ಪದಗಳನ್ನು ಕೊಟ್ಟು ಹೊಸಗನ್ನಡ ರೂಪ ಬರೆಯಿಸಲಾಗುತ್ತದೆ. ಸರಿಯುತ್ತರಕ್ಕೆ ತಲಾ ಒಂದು ಅಂಕ. ಮುಂದೆ ಕೊಡುವ ಅಂಕಗಳೆಲ್ಲ ಲೆಕ್ಕವನ್ನು ತೋರಿಸುವುದಕ್ಕಾಗಿ ನಾವು ಕಲ್ಪಿಸಿಕೊಂಡವು. ಯಾವ ಶಾಲೆಯಿಂದಲೂ ಸಂಗ್ರಹಿಸಿದವಲ್ಲ.

ಲೆಕ್ಕಕ್ಕೆ ಮೊದಲು ಪ್ರಶ್ನೆಪತ್ರಿಕೆಯ ಬಗ್ಗೆ ಒಂದು ಮಾತು. 25 ಪದಗಳೂ ಪದಕೋಶದ ಹೊರಗಿನವಾಗಿದ್ದರೆ ‘ಬಿ’ ವಿಭಾಗ ಸೋಲುವುದು ಮೊದಲೇ ನಿಶ್ಚಯವಾದಂತೆ. ಎಲ್ಲವೂ ಪದಕೋಶದವೇ ಆಗಿದ್ದರೆ ನಿಯಮ ಕಲಿತವರಿಗೆ ಅನ್ಯಾಯ. ಯಾವ ಬಗೆಯವು ಎಷ್ಟಿರಬೇಕೆಂಬುದನ್ನು ಪಾಠಕ್ಕೆ ಮುನ್ನವೇ ಗೊತ್ತುಮಾಡಿ ಬರೆದಿಡಬೇಕು. ಈ ತೀರ್ಮಾನ ಭಾಷಾವಿಜ್ಞಾನಿಯದು. ಅಂಕಿ-ಅಂಶ ಶಾಸ್ತ್ರ ಅದನ್ನು ನಮಗಾಗಿ ಮಾಡಿಕೊಡಲಾರದು.

ಸುಲಭವಾಗಲೆಂದು ಪ್ರತಿ ವಿಭಾಗದಿಂದ ಎಂಟು ಮಕ್ಕಳನ್ನು ಮಾತ್ರ ತೆಗೆದುಕೊಳ್ಳೋಣ. ‘ಎ’ ವಿಭಾಗದ ಅಂಕಗಳು 14, 17, 12, 19, 16, 18, 13, 19. ‘ಬಿ’ ವಿಭಾಗದವು 11, 15, 9, 14, 13, 18, 8, 16. ಸರಾಸರಿಗಳು ಕ್ರಮವಾಗಿ 16 ಮತ್ತು 13, ವ್ಯತ್ಯಾಸ 3.

ಈ ಮೂರು ದೊಡ್ಡದೋ ಚಿಕ್ಕದೋ ಎಂಬುದು ಅಂಕಗಳು ಒಳಗೊಳಗೆ ಎಷ್ಟು ಚದುರಿವೆ ಎಂಬುದನ್ನು ಅವಲಂಬಿಸಿದೆ. ಪ್ರತಿ ಮಗುವಿನ ಅಂಕದಿಂದ ತನ್ನ ಗುಂಪಿನ ಸರಾಸರಿಯನ್ನು ಕಳೆದು, ಉಳಿದುದನ್ನು ವರ್ಗಮಾಡಿ ಕೂಡಿದರೆ ‘ಎ’ ವಿಭಾಗಕ್ಕೆ 52, ‘ಬಿ’ ವಿಭಾಗಕ್ಕೆ 84 ಬರುತ್ತದೆ. ಇವನ್ನು ಎಂಟರಿಂದಲ್ಲ, ಏಳರಿಂದ ಭಾಗಿಸಬೇಕು. ಸರಾಸರಿಯನ್ನು ಇದೇ ಎಂಟು ಅಂಕಗಳಿಂದ ಪಡೆದಿರುವುದರಿಂದ ಏಳು ಅಂಕಗಳು ಗೊತ್ತಾದೊಡನೆ ಎಂಟನೆಯದು ತಾನಾಗಿ ನಿಶ್ಚಿತವಾಗುತ್ತದೆ. ಸ್ವತಂತ್ರವಾಗಿ ಬದಲಾಗಬಲ್ಲವು ಏಳೇ. ಭಾಗಲಬ್ಧಗಳು 7.43 ಮತ್ತು 12. ಇವೇ ಆಯಾ ಗುಂಪಿನ ವೇರಿಯನ್ಸ್.

ವೇರಿಯನ್ಸ್ ಒಬ್ಬೊಬ್ಬ ಮಗುವಿನ ಚದುರಿಕೆಯನ್ನು ಹೇಳುತ್ತದೆ. ನಮಗೆ ಬೇಕಾದದ್ದು ಸರಾಸರಿಯ ಚದುರಿಕೆ: ಇಂಥದೇ ಬೇರೆ ಎಂಟು ಮಕ್ಕಳು ಕುಳಿತಿದ್ದರೆ ಸರಾಸರಿ ಎಷ್ಟು ಅತ್ತಿತ್ತ ಸರಿಯುತ್ತಿತ್ತು ಎಂಬುದು. ಅದಕ್ಕಾಗಿ ವೇರಿಯನ್ಸನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಎರಡು ಗುಂಪುಗಳವನ್ನೂ ಕೂಡಿ, ವರ್ಗಮೂಲ ತೆಗೆಯುತ್ತೇವೆ. ಹೀಗೆ ಸಿಗುವುದು ವ್ಯತ್ಯಾಸದ ಮಾನಕ ದೋಷ. ‘ದೋಷ’ ಎಂಬ ಪದ ಇಲ್ಲಿ ತಪ್ಪನ್ನು ಸೂಚಿಸುವುದಿಲ್ಲ, ಅನಿಶ್ಚಿತತೆಯ ಅಳತೆಯನ್ನಷ್ಟೇ ಸೂಚಿಸುತ್ತದೆ. ಟಿ ಎಂದರೆ ಕಂಡ ವ್ಯತ್ಯಾಸವು ಆ ಮಾನಕ ದೋಷದ ಎಷ್ಟು ಪಟ್ಟು ಎಂಬ ಪ್ರಮಾಣ.

```
t = (16 - 13) / sqrt(7.43/8 + 12/8) = 3 / 1.558 = 1.925
```

ಈ ಪ್ರಮಾಣವನ್ನು ಯಾವುದಕ್ಕೆ ಹೋಲಿಸಿ ನೋಡಬೇಕೆಂಬ ಪ್ರಶ್ನೆಗೆ ಉತ್ತರ ದೊರಕಿದ್ದು ಶಾಲೆಯಲ್ಲಲ್ಲ, ಮದ್ಯದ ಕಾರ್ಖಾನೆಯಲ್ಲಿ. ಡಬ್ಲಿನ್ನಿನ ಗಿನೆಸ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ ‘ಸ್ಟೂಡೆಂಟ್’ ಎಂಬ ಕಾವ್ಯನಾಮದಲ್ಲಿ 1908ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇಷ್ಟು: ಮಾದರಿಗಳು ಚಿಕ್ಕವಾಗಿದ್ದಾಗ ಚದುರಿಕೆಯ ನಮ್ಮ ಅಂದಾಜೇ ಅಸ್ಥಿರವಾಗಿರುತ್ತದೆ, ಆದ್ದರಿಂದ ಕೇವಲ ಆಕಸ್ಮಿಕವಾಗಿಯೇ ದೊಡ್ಡ ಪ್ರಮಾಣಗಳು ನಾವು ನಿರೀಕ್ಷಿಸುವುದಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತವೆ. ನಮ್ಮ ಉದಾಹರಣೆಯಲ್ಲಿ ಶೇಕಡಾ 5ರ ಮಟ್ಟವನ್ನು ಮುಟ್ಟಲು ಟಿ ಸುಮಾರು 2.16 ಇರಬೇಕಿತ್ತು, ಇರುವುದು 1.925.

ಆರ್ ತಂತ್ರಾಂಶದಲ್ಲಿ ಇದೇ ಲೆಕ್ಕ ಮೂರು ಸಾಲುಗಳಲ್ಲಿ ಮುಗಿಯುತ್ತದೆ.

```
a <- c(14,17,12,19,16,18,13,19)
b <- c(11,15,9,14,13,18,8,16)
t.test(a, b)
```

ಇಲ್ಲಿ ಸ್ವಾತಂತ್ರ್ಯಾಂಕವು 14 ಎಂದು ಬಾರದೆ 13.27 ಎಂದು ಬರುವುದನ್ನು ಕಂಡು ಹೊಸಬರು ಗಾಬರಿಗೊಳ್ಳುವುದುಂಟು. ಎರಡು ಗುಂಪುಗಳ ವೇರಿಯನ್ಸ್ ಸಮವೆಂದು ಭಾವಿಸದ ವೆಲ್ಚ್ ವಿಧಾನವನ್ನು ಈ ತಂತ್ರಾಂಶ ತಾನಾಗಿ ಬಳಸುತ್ತದೆ. ಆ ಭಿನ್ನರಾಶಿ ಅದರ ಗುರುತು. ಶಾಲೆಯ ಅಂಕಗಳಿಗೆ ಇದೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಒಳ್ಳೆಯ ಬೋಧನೆ ಅನೇಕ ವೇಳೆ ಸರಾಸರಿಯನ್ನು ಏರಿಸುವುದರ ಜೊತೆಗೆ ಹಿಂದುಳಿದವರನ್ನು ಮೇಲೆತ್ತಿ ಚದುರಿಕೆಯನ್ನೂ ತಗ್ಗಿಸುತ್ತದೆ.

ಪಿ-ಮೌಲ್ಯ ಸುಮಾರು 0.076. ಇದರ ಅರ್ಥವನ್ನು ಹಿಡಿಯುವಲ್ಲಿ ಎಡವುವವರು ಬಹಳ. ನಿಯಮಬೋಧನೆ ನಿಷ್ಫಲವಾಗಿರುವ ಸಾಧ್ಯತೆ ಶೇಕಡಾ 7.6 ಎಂದು ಇದರ ಅರ್ಥವಲ್ಲ. ಎರಡು ಬೋಧನಾಕ್ರಮಗಳ ನಡುವೆ ನಿಜವಾಗಿ ಭೇದವೇ ಇಲ್ಲದಿದ್ದ ಪಕ್ಷದಲ್ಲಿ, ಇಷ್ಟು ಅಥವಾ ಇದಕ್ಕೂ ದೊಡ್ಡ ಟಿ ಯಾವುದಾದರೊಂದು ದಿಕ್ಕಿನಲ್ಲಿ ಕಾಣಿಸಿಕೊಳ್ಳುವ ಸಂಭಾವ್ಯತೆ ಅಷ್ಟು ಎಂದಷ್ಟೇ ಅರ್ಥ. ಹಾಗೆಯೇ, 0.05ಕ್ಕಿಂತ ಹೆಚ್ಚಾಯಿತೆಂದು ‘ವ್ಯತ್ಯಾಸವಿಲ್ಲ’ ಎಂದು ಬರೆಯುವುದೂ ಸರಿಯಲ್ಲ. ತಂತ್ರಾಂಶ ಅದರ ಜೊತೆಗೇ ಕೊಡುವ ಶೇಕಡಾ 95ರ ವಿಶ್ವಾಸಾಂತರ −0.36ರಿಂದ 6.36ರವರೆಗೆ ಹರಡಿದೆ. ಎಂದರೆ ಈ ಹದಿನಾರು ಅಂಕಗಳು ಶೂನ್ಯ ಭೇದಕ್ಕೂ ಒಗ್ಗುತ್ತವೆ, ಆರು ಅಂಕದ ಭಾರಿ ಭೇದಕ್ಕೂ ಒಗ್ಗುತ್ತವೆ. ಪ್ರಬಂಧದಲ್ಲಿ ಪಿ-ಮೌಲ್ಯವೊಂದನ್ನೇ ಕೊಟ್ಟು ಈ ಅಂತರವನ್ನು ಬಿಟ್ಟುಬಿಡುವುದೆಂದರೆ ಓದುಗನಿಂದ ಮುಖ್ಯ ವಿಷಯವನ್ನೇ ಮರೆಮಾಡಿದಂತೆ.

ಹಾಗಾದರೆ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸಿದರಾಯಿತಲ್ಲವೇ ಎಂದು ತೋರಬಹುದು. ಅದೇ ಸರಾಸರಿ, ಅದೇ ವೇರಿಯನ್ಸ್ ಉಳಿದು, ಪ್ರತಿ ವಿಭಾಗದಲ್ಲಿ ಹದಿನಾರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಮಾನಕ ದೋಷ 1.10ಕ್ಕೆ ಇಳಿಯುತ್ತದೆ, ಟಿ 2.72ಕ್ಕೆ ಏರುತ್ತದೆ, ಪಿ-ಮೌಲ್ಯ 0.05ಕ್ಕಿಂತ ಬಹಳ ಕೆಳಗೆ ಬರುತ್ತದೆ. ಅನೇಕ ಪ್ರಬಂಧಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ತೊಡಕು ಶುರುವಾಗುವುದು ಇಲ್ಲಿಂದಲೇ.

ಟಿ-ಪರೀಕ್ಷೆ ಪ್ರತಿ ಅಂಕವನ್ನೂ ಒಂದು ಸ್ವತಂತ್ರ ಸಾಕ್ಷ್ಯವೆಂದು ಎಣಿಸುತ್ತದೆ. ಆದರೆ ಒಂದು ವಿಭಾಗದ ಹದಿನಾರು ಮಕ್ಕಳು ಒಬ್ಬರೇ ಶಿಕ್ಷಕರಿಂದ, ಒಂದೇ ಕೊಠಡಿಯಲ್ಲಿ, ಒಂದೇ ಪೀರಿಯಡ್‌ನಲ್ಲಿ ಕಲಿತವರು. ಅವರ ಅಂಕಗಳು ಒಟ್ಟಾಗಿ ಏರುತ್ತವೆ, ಒಟ್ಟಾಗಿ ಇಳಿಯುತ್ತವೆ. ಒಂದೇ ಮನೆಯ ಹದಿನಾರು ಮಂದಿಯ ಉಚ್ಚಾರಣೆಯನ್ನು ಧ್ವನಿಮುದ್ರಿಸಿಕೊಂಡು ಹದಿನಾರು ಊರುಗಳ ಉಪಭಾಷಾ ಸಮೀಕ್ಷೆ ಎಂದು ಯಾರೂ ಕರೆಯಲಾರರು. ಇಲ್ಲಿಯೂ ನ್ಯಾಯ ಅದೇ. ಈ ಹೊಂದಿಕೆಯನ್ನು 0ರಿಂದ 1ರವರೆಗಿನ ಸಹಸಂಬಂಧಾಂಕದಿಂದ ಅಳೆಯುತ್ತಾರೆ. ಅದು 0.1ರಷ್ಟು ಅಲ್ಪವಾಗಿದ್ದರೂ ಸರಾಸರಿಯ ವೇರಿಯನ್ಸ್ 1 + 15 × 0.1, ಅಂದರೆ ಎರಡೂವರೆ ಪಟ್ಟಾಗುತ್ತದೆ. ಹದಿನಾರು ಮಕ್ಕಳು ಕೊಡುವ ಮಾಹಿತಿ ಆರೇಳು ಸ್ವತಂತ್ರ ಮಕ್ಕಳು ಕೊಡುವಷ್ಟಕ್ಕೆ ಕುಗ್ಗುತ್ತದೆ, ಟಿ 2.72ರಿಂದ 1.72ಕ್ಕೆ ಇಳಿಯುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ, ಎರಡೇ ವಿಭಾಗಗಳಿರುವಾಗ ಆ ಸಹಸಂಬಂಧಾಂಕ ಎಷ್ಟೆಂಬುದನ್ನು ನಮ್ಮ ದತ್ತಾಂಶದಿಂದಲೇ ತಿಳಿಯುವುದು ಸಾಧ್ಯವಿಲ್ಲ. ‘ಎ’ ವಿಭಾಗದ ಮೇಲುಗೈ ನಿಯಮದಿಂದ ಬಂದುದೋ ಆ ಶಿಕ್ಷಕರಿಂದ ಬಂದುದೋ ಎಂಬುದನ್ನು ಬೇರ್ಪಡಿಸುವ ದಾರಿಯೇ ಉಳಿದಿಲ್ಲ. ಇಂಥ ದೋಷ ತಂತ್ರಾಂಶದ ಫಲಿತಾಂಶದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಪ್ರಬಂಧದ ವಿಧಾನ ವಿಭಾಗದಲ್ಲಿ ಎಷ್ಟು ತರಗತಿಗಳು, ಎಷ್ಟು ಶಿಕ್ಷಕರು ಎಂದು ಹುಡುಕಿದಾಗ ಮಾತ್ರ ಗೊತ್ತಾಗುತ್ತದೆ.

ಗುಂಪುಗಳನ್ನು ಯಾರು ಹೇಗೆ ರಚಿಸಿದರೆಂಬುದೂ ಇದಕ್ಕೆ ಸೇರಿದ ಪ್ರಶ್ನೆ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ಶಾಲಾಮಕ್ಕಳಿಗೆ ಹಾಲು ಕೊಟ್ಟು ಬೆಳವಣಿಗೆಯನ್ನು ಅಳೆದ ಪ್ರಯೋಗದಲ್ಲಿ 20,000 ಮಕ್ಕಳಿದ್ದರು. 10,000 ಮಂದಿಗೆ ಹಾಲು ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ಚೀಟಿ ಎತ್ತಿಯೋ ಅಕಾರಾದಿಯಾಗಿಯೋ ಮಕ್ಕಳನ್ನು ಹಂಚಿದ ಬಳಿಕ, ಒಂದು ಗುಂಪಿನಲ್ಲಿ ಪುಷ್ಟರೋ ಬಡಕಲು ಮಕ್ಕಳೋ ಹೆಚ್ಚಾದಂತೆ ಕಂಡರೆ ಸರಿಪಡಿಸಲು ಶಿಕ್ಷಕರಿಗೆ ಅವಕಾಶವಿತ್ತು. ಪ್ರಯೋಗದ ಆರಂಭದಲ್ಲಿಯೇ ಹಾಲು ಸಿಗದ ಗುಂಪಿನ ಮಕ್ಕಳು ಹೆಚ್ಚು ಎತ್ತರವೂ ಹೆಚ್ಚು ತೂಕವೂ ಇದ್ದರು. ಬಡ ಮಕ್ಕಳಿಗೆ ಹಾಲು ಸಿಗಲೆಂದು ಶಿಕ್ಷಕರ ಮನಸ್ಸು ತಮಗರಿವಿಲ್ಲದಂತೆ ವಾಲಿರಬೇಕೆಂಬುದು 1931ರಲ್ಲಿ ಈ ಪ್ರಯೋಗವನ್ನು ವಿಮರ್ಶಿಸಿದ ಗಾಸೆಟ್‌ರ ಊಹೆ. ಇದಕ್ಕಿಂತ ತದ್ರೂಪಿ ಅವಳಿಗಳ 50 ಜೋಡಿಗಳನ್ನು ಎಚ್ಚರದಿಂದ ಬಳಸಿದ್ದರೆ ಹೆಚ್ಚು ನಂಬಲರ್ಹ ಉತ್ತರ ಸಿಗುತ್ತಿತ್ತೆಂದೂ ಅವರು ಸೂಚಿಸಿದರು. ನಮ್ಮ ಶಾಲೆಗಳಲ್ಲಿ ‘ಎ’ ವಿಭಾಗಕ್ಕೆ ಹಿಂದಿನ ವರ್ಷ ಹೆಚ್ಚು ಅಂಕ ಪಡೆದವರನ್ನು ಹಾಕುವ ರೂಢಿ ಎಲ್ಲಿದೆಯೋ ಅಲ್ಲಿ ಇದೇ ವಾಲುವಿಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಪಾಠಕ್ಕೆ ಮುನ್ನ ಒಂದು ಪೂರ್ವಪರೀಕ್ಷೆ ನಡೆಸಿದ್ದರೆ ಅದು ಕಣ್ಣಿಗೆ ಬೀಳುತ್ತದೆ.

ಜೋಡಿಗಳ ಆ ಸೂಚನೆಯನ್ನು ನಾವು ತರಗತಿಗಳಿಗೆ ಅನ್ವಯಿಸಬಹುದು. ಹಾರನಹಳ್ಳಿಯ ಜೊತೆಗೆ ಅರಸೀಕೆರೆ, ಬಾಣಾವರ, ಜಾವಗಲ್, ಗಂಡಸಿ, ಹಳೇಬೀಡು ಹೀಗೆ ಆರು ಊರುಗಳಲ್ಲಿ ಎರಡೆರಡು ವಿಭಾಗಗಳಿರುವ ಒಂದೊಂದು ಶಾಲೆಯನ್ನು ಆರಿಸಿ, ಪ್ರತಿ ಶಾಲೆಯಲ್ಲಿಯೂ ಒಬ್ಬರೇ ಶಿಕ್ಷಕರು ಎರಡೂ ವಿಭಾಗಗಳಿಗೆ ಪಾಠ ಮಾಡುವಂತೆ ಏರ್ಪಡಿಸಿ, ಯಾವ ವಿಭಾಗಕ್ಕೆ ನಿಯಮಬೋಧನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಆಗ ಪ್ರತಿ ಶಾಲೆಯಿಂದ ನಮಗೆ ಸಿಗುವುದು ಒಂದೇ ಸಂಖ್ಯೆ: ಎರಡು ವಿಭಾಗಗಳ ಸರಾಸರಿಗಳ ವ್ಯತ್ಯಾಸ. ಅವು 4, 1, 3, 5, 2, 3 ಎಂದು ಕಲ್ಪಿಸಿಕೊಂಡರೆ ಸರಾಸರಿ ಮತ್ತೆ 3, ವೇರಿಯನ್ಸ್ 2, ಮಾನಕ ದೋಷ 0.577, ಟಿ 5.20. ಸ್ವಾತಂತ್ರ್ಯಾಂಕ ಐದೇ ಆಗಿರುವುದರಿಂದ ದಾಟಬೇಕಾದ ಗೆರೆ 2.57ಕ್ಕೆ ಏರುತ್ತದೆ, ಆದರೂ ಟಿ ಅದನ್ನು ಸುಲಭವಾಗಿ ದಾಟಿದೆ. ವಿಶ್ವಾಸಾಂತರ ಸುಮಾರು 1.5ರಿಂದ 4.5.

ನೂರಾರು ಮಕ್ಕಳ ಅಂಕಗಳನ್ನು ಆರು ಸಂಖ್ಯೆಗಳಿಗೆ ಇಳಿಸುವುದು ಕೆಲವರಿಗೆ ದುಂದೆನಿಸಬಹುದು. ಆದರೆ ಬೋಧನಾಕ್ರಮವನ್ನು ಹಂಚಿದ್ದು ವಿಭಾಗಗಳಿಗೆ, ಮಕ್ಕಳಿಗಲ್ಲ; ಲೆಕ್ಕವೂ ಅದೇ ಮಟ್ಟದಲ್ಲಿ ನಡೆಯಬೇಕು. ಶಿಕ್ಷಕರ ಪ್ರಭಾವ ಎರಡೂ ಕಡೆ ಸಮನಾಗಿ ಬಂದು ವ್ಯತ್ಯಾಸದಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಕಳೆದುಹೋಗದೆ ಉಳಿಯುವುದು ಬೇರೆಯೇ ಒಂದು ಸಮಸ್ಯೆ: ನಿಯಮ ಕಲಿತ ಮಕ್ಕಳು ಊಟದ ಬಿಡುವಿನಲ್ಲಿ ಪಕ್ಕದ ವಿಭಾಗದವರಿಗೆ ‘ಪ ಇದ್ದಲ್ಲಿ ಹ ಹಾಕು’ ಎಂದು ಹೇಳಿಕೊಟ್ಟುಬಿಡುತ್ತಾರೆ. ಪಾಠ ಮತ್ತು ಕಿರುಪರೀಕ್ಷೆಗಳ ನಡುವೆ ಹೆಚ್ಚು ದಿನ ಕಳೆದಷ್ಟೂ ಆ ಸೋರಿಕೆ ಬೆಳೆದು ಎರಡು ವಿಭಾಗಗಳ ವ್ಯತ್ಯಾಸವನ್ನು ಶೂನ್ಯದತ್ತ ಎಳೆಯುತ್ತದೆ. ‘ಬಿ’ ವಿಭಾಗದವರ ಉತ್ತರಪತ್ರಿಕೆಗಳಲ್ಲಿ ಪದಮಧ್ಯದ ಪಕಾರವನ್ನೂ ಹಕಾರವಾಗಿಸಿದ ತಪ್ಪು ರೂಪಗಳು ಹೆಚ್ಚಾಗಿ ಕಂಡರೆ ಸೋರಿಕೆ ನಡೆದಿದೆಯೆಂದು ಶಂಕಿಸಬಹುದು, ಏಕೆಂದರೆ ಪದಕೋಶವನ್ನು ಬಾಯಿಪಾಠ ಮಾಡಿದ ಮಗು ಅಂಥ ತಪ್ಪು ಮಾಡಲು ಬೇರೆ ಕಾರಣ ಕಡಿಮೆ.