ಸೊನ್ನೆಯೋ, ಓ ಅಕ್ಷರವೋ?

ಪಾಸ್‌ವರ್ಡ್ ತಪ್ಪಾಗಿದೆ ಎಂದು ಫೋನು ಹೇಳುತ್ತದೆ. ಯಾವ ಅಕ್ಷರ ತಪ್ಪು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಮನೆಯ ಉಳಿದ ಫೋನುಗಳೆಲ್ಲ ಅದೇ ವೈ-ಫೈನಲ್ಲಿ ಸಲೀಸಾಗಿ ಓಡುತ್ತಿದ್ದು, ಹೊಸದಾಗಿ ತಂದ ಲ್ಯಾಪ್‌ಟಾಪ್ ಒಂದೇ ತಕರಾರು ಮಾಡುತ್ತಿದ್ದರೆ ರೂಟರನ್ನು ಆಫ್ ಮಾಡಿ ಆನ್ ಮಾಡುವ ಮೊದಲು ಪಾಸ್‌ವರ್ಡ್ ಬರೆದಿಟ್ಟ ಚೀಟಿಯನ್ನು ಅನುಮಾನಿಸುವುದು ಒಳ್ಳೆಯದು.

ಶಿವಮೊಗ್ಗದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬ್ರಾಡ್‌ಬ್ಯಾಂಡ್ ಹಾಕಲು ಬಂದ ಹುಡುಗ ಬಿಲ್ಲಿನ ಹಿಂಬದಿಯಲ್ಲಿ ಗೀಚಿ ಹೋದ ಪಾಸ್‌ವರ್ಡ್ ಹೀಗೆ ಕಾಣುತ್ತದೆ:

```
Tunga1O5l3
```

ಇದರಲ್ಲಿ ‘ತುಂಗಾ’ ಭಾಗಕ್ಕೆ ತೊಂದರೆಯಿಲ್ಲ, ಅರ್ಥವಿರುವ ಪದವನ್ನು ಕಣ್ಣು ತಾನೇ ಸರಿಪಡಿಸಿಕೊಂಡು ಓದುತ್ತದೆ. ಅದರ ಮುಂದಿನ ಗೆರೆ ಒಂದು ಅಂಕಿಯೇ (1), ಚಿಕ್ಕ ಎಲ್ ಅಕ್ಷರವೇ (l), ದೊಡ್ಡ ಐ ಅಕ್ಷರವೇ (I)? ಮೂರು ಸಾಧ್ಯತೆ. ದುಂಡಗಿರುವುದು ದೊಡ್ಡ ಓ ಆಗಿರಬಹುದು, ಸೊನ್ನೆಯೂ ಆಗಿರಬಹುದು. ಐದು ಎಂದು ಕಂಡದ್ದು ಎಸ್ ಆಗಿರಬಹುದು. ಕೊನೆಯಿಂದ ಎರಡನೆಯ ಗೆರೆಗೆ ಮತ್ತೆ ಮೂರು ಸಾಧ್ಯತೆ. ಗುಣಿಸಿದರೆ 36. ಒಂದೊಂದನ್ನೇ ಟೈಪ್ ಮಾಡುತ್ತ ಕೂರುವವರ ತಾಳ್ಮೆ ಹತ್ತನೆಯದರ ಹೊತ್ತಿಗೇ ಮುಗಿದಿರುತ್ತದೆ; ಅಷ್ಟರಲ್ಲಿ ಯಾವುದನ್ನು ನೋಡಿಯಾಯಿತು, ಯಾವುದು ಬಾಕಿ ಎಂಬ ಲೆಕ್ಕವೂ ತಪ್ಪಿರುತ್ತದೆ.

‘ಒಂಬತ್ತು ಅಕ್ಷರ ಸರಿಯಿದೆ, ಒಂದು ತಪ್ಪಿದೆ’ ಎಂದು ರೂಟರಾದರೂ ಹೇಳಬಾರದೇ? ಹೇಳಲು ಅದಕ್ಕೆ ಸಾಧ್ಯವೇ ಇಲ್ಲ. ಹೆಚ್ಚಿನ ಮನೆಗಳಲ್ಲಿರುವ ಡಬ್ಲ್ಯುಪಿಎ2 ಭದ್ರತೆಯಲ್ಲಿ ನಾವು ಟೈಪ್ ಮಾಡಿದ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಲ್ಯಾಪ್‌ಟಾಪು ಆ ಪಾಸ್‌ವರ್ಡನ್ನು ವೈ-ಫೈ ಹೆಸರಿನ ಜೊತೆ ಸೇರಿಸಿ, 4096 ಸುತ್ತು ಲೆಕ್ಕ ಹಾಕಿ, 256 ಬಿಟ್‌ಗಳ ಒಂದು ಕೀಲಿಯನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ರೂಟರಿನ ಬಳಿಯೂ ಹಾಗೇ ತಯಾರಾದ ಕೀಲಿ ಇರುತ್ತದೆ. ಎರಡೂ ಒಂದೇ ಎಂಬುದಕ್ಕೆ ಪುರಾವೆಯನ್ನಷ್ಟೇ ಅವು ವಿನಿಮಯ ಮಾಡಿಕೊಳ್ಳುತ್ತವೆ. ಒಂದಕ್ಷರ ಬದಲಾದರೂ ಹುಟ್ಟುವ ಕೀಲಿಗೂ ಸರಿಯಾದ ಕೀಲಿಗೂ ಹೋಲಿಕೆಯೇ ಇರುವುದಿಲ್ಲ. ಹಾಗಾಗಿ ‘ಹೆಚ್ಚುಕಡಿಮೆ ಸರಿ’ ಎಂಬ ಸ್ಥಿತಿಯೇ ಇಲ್ಲಿಲ್ಲ.

ಊಹೆ ಬಿಟ್ಟು, ಸರಿಯಾದ ಪಾಸ್‌ವರ್ಡ್ ಉಳಿಸಿಕೊಂಡಿರುವ ಇನ್ನೊಂದು ಸಾಧನವನ್ನು ಕೇಳುವುದೇ ಹತ್ತಿರದ ದಾರಿ. ಅದು ಆ ಕ್ಷಣದಲ್ಲಿ ಅದೇ ಹೆಸರಿನ ವೈ-ಫೈಗೆ ಸೇರಿಕೊಂಡಿರಬೇಕು ಎಂಬುದು ಮುಖ್ಯ. ಕಳೆದ ವರ್ಷ ಬಂದು ಹೋದ ಅಳಿಯನ ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರಬಹುದು.

ಆಂಡ್ರಾಯ್ಡ್ 10 ಮತ್ತು ನಂತರದ ಫೋನುಗಳಲ್ಲಿ ವೈ-ಫೈ ಸೆಟ್ಟಿಂಗ್ಸ್‌ಗೆ ಹೋಗಿ, ಸೇರಿಕೊಂಡಿರುವ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, Share ಆರಿಸಬೇಕು. ಬೆರಳಚ್ಚು ಅಥವಾ ಪಿನ್ ಕೇಳಿ, ಕ್ಯೂಆರ್ ಕೋಡ್ ತೋರಿಸುತ್ತದೆ. ಅನೇಕ ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡೂ ಇರುತ್ತದೆ. ಐಫೋನಿನಲ್ಲಿ, ಐಒಎಸ್ 16ರಿಂದೀಚೆಗೆ, ಹೆಸರಿನ ಪಕ್ಕದ ಐ ಗುರುತು ಒತ್ತಿ Password ಸಾಲನ್ನು ಮುಟ್ಟಿದರೆ ಸಾಕು. ವಿಂಡೋಸ್ ಯಂತ್ರವಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೊಡಬೇಕು, ಉದ್ಧರಣ ಚಿಹ್ನೆಯೊಳಗೆ ಮನೆಯ ವೈ-ಫೈ ಹೆಸರು ಹಾಕಿ:

```
netsh wlan show profile name="TungaHome" key=clear
```

ಉತ್ತರದಲ್ಲಿ Key Content ಎಂಬ ಸಾಲಿನ ಮುಂದಿರುವುದೇ ಪಾಸ್‌ವರ್ಡ್.

ಇಷ್ಟಾದರೂ ಕೆಲಸ ಅರ್ಧವೇ. ಪರದೆಯ ಮೇಲೆ ಕಂಡದ್ದನ್ನು ಮತ್ತೆ ಕಣ್ಣಿನಿಂದ ಓದಿದರೆ ಹಳೆಯ ಗೊಂದಲವೇ ಹೊಸ ರೂಪದಲ್ಲಿ ಬರುತ್ತದೆ. ಫೋನುಗಳ ಎಷ್ಟೋ ಫಾಂಟ್‌ಗಳಲ್ಲಿ ದೊಡ್ಡ ಐ, ಚಿಕ್ಕ ಎಲ್ ಎರಡೂ ಬರೀ ನೆಟ್ಟಗಿನ ಗೆರೆಗಳು. ಇನ್ನೊಂದು ಫೋನಿಗಾದರೆ ಕ್ಯೂಆರ್ ಕೋಡನ್ನೇ ಸ್ಕ್ಯಾನ್ ಮಾಡುವುದು ಉತ್ತಮ, ಅಕ್ಷರ ಓದುವ ಗೋಜೇ ಇರುವುದಿಲ್ಲ. ಲ್ಯಾಪ್‌ಟಾಪಿಗಾದರೆ ಪಾಸ್‌ವರ್ಡನ್ನು ಕಾಪಿ ಮಾಡಿ, ಫೋನಿನ ಇಂಟರ್‌ನೆಟ್ ಹಾಟ್‌ಸ್ಪಾಟ್ ಹಂಚಿಕೊಂಡು, ಮೇಲ್ ಮೂಲಕ ತರಿಸಿಕೊಂಡು ನೋಟ್‌ಪ್ಯಾಡಿಗೆ ಅಂಟಿಸಬಹುದು. ಅಲ್ಲಿ ಕನ್ಸೋಲಾಸ್ ಫಾಂಟ್ ಆರಿಸಿದರೆ ಸೊನ್ನೆಯ ಹೊಟ್ಟೆಯಲ್ಲಿ ಓರೆಗೆರೆ ಬೀಳುತ್ತದೆ, ಎಲ್ ಮತ್ತು ಐ ಬೇರೆಬೇರೆಯಾಗುತ್ತವೆ. ನಮ್ಮ ಶಿವಮೊಗ್ಗದ ಚೀಟಿಯ ನಿಜರೂಪ ಅಲ್ಲಿ ಹೀಗೆ ಹೊರಬಿತ್ತೆನ್ನಿ:

```
TungaI05l3
```

ಅಂಕಿ ಒಂದು ಎಂದುಕೊಂಡದ್ದು ದೊಡ್ಡ ಐ, ಓ ಎಂದುಕೊಂಡದ್ದು ಸೊನ್ನೆ. ಒಂದನ್ನಷ್ಟೇ ಬದಲಿಸಿ ನೋಡುತ್ತಿದ್ದವರಿಗೆ ಇದು ಸಿಗುತ್ತಲೇ ಇರಲಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಪಾಸ್‌ವರ್ಡಿಗೆ ಇನ್ನೆರಡು ರೋಗಗಳಿವೆ. ಕಳಿಸಿದವರು ಅದನ್ನು ಕೈಯಿಂದ ಟೈಪ್ ಮಾಡಿದ್ದರೆ ಕೀಬೋರ್ಡು ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿರಬಹುದು. ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೆ ರೂಟರಿನ ಮಟ್ಟಿಗೆ ಅದೂ ಒಂದು ಅಕ್ಷರವೇ. ಟೈಪ್ ಮಾಡುವ ಪೆಟ್ಟಿಗೆಯ ಕಣ್ಣಿನ ಗುರುತು ಒತ್ತಿದರೂ ಖಾಲಿ ಜಾಗ ಕಾಣುವುದಿಲ್ಲ. ಕರ್ಸರನ್ನು ಕೊನೆಗೆ ಒಯ್ದು ಒಮ್ಮೆ ಅಳಿಸಿ ನೋಡಿದಾಗ ಕೊನೆಯ ಅಂಕಿ ಹಾಗೇ ಉಳಿದರೆ, ಅಳಿದದ್ದು ಆ ಖಾಲಿ ಜಾಗ.

ಸರಿಯಾದದ್ದು ಕೈಗೆ ಸಿಕ್ಕ ಮೇಲೆ, ತಕರಾರು ಮಾಡುತ್ತಿದ್ದ ಸಾಧನದಲ್ಲಿ ಆ ವೈ-ಫೈ ಹೆಸರಿನ ಮೇಲೆ ಮೊದಲು Forget ಒತ್ತಬೇಕು. ಇಲ್ಲವಾದರೆ ಅದು ಉಳಿಸಿಕೊಂಡಿದ್ದ ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಟ್ಟು, ಹೊಸದನ್ನು ಕೇಳುವ ಪೆಟ್ಟಿಗೆಯನ್ನೇ ತೋರಿಸದೆ ಇರಬಹುದು.