ಮೊದಲ ಸಾಲಲ್ಲೇ ರೊಟ್ಟಿ

ಬೆಂಗಳೂರಿನ ಹೋಟೆಲೊಂದು ಉತ್ತರ ಕರ್ನಾಟಕದ ಊಟದ ಹಬ್ಬ ಮಾಡುವಾಗ, ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನ ಮೊದಲ ಸಾಲೇ ಮುಖ್ಯ. ಉದ್ದ ಬರಹದ ಉಳಿದ ಭಾಗ ‘more’ ಒತ್ತುವವರೆಗೆ ಕಾಣುವುದಿಲ್ಲ. ‘ಅಥೆಂಟಿಕ್ ಫುಡ್ ಫೆಸ್ಟ್ ಈಸ್ ಹಿಯರ್’ ಎಂಬುದು ಯಾವ ಊರಿನ ಊಟಕ್ಕೂ ಹೊಂದುವ ಸಪ್ಪೆ ಮಾತು. ‘ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉಣ್ಣಾಕ ಬರ್ರಿ! ದಿಸ್ ವೀಕೆಂಡ್, ಡಿನ್ನರ್ ಓನ್ಲಿ’ ಎಂದರೆ ರುಚಿಯೂ ವೇಳೆಯೂ ಒಟ್ಟಿಗೇ ತಲುಪುತ್ತವೆ. ತಿನಿಸಿನ ಹೆಸರು, ಕರೆಯುವ ದನಿ ಕನ್ನಡದಲ್ಲಿ. ದಿನ, ಬುಕಿಂಗ್ ಇಂಗ್ಲಿಷಿನಲ್ಲಿ ಇದ್ದರೆ ಕನ್ನಡ ಬಾರದವರಿಗೂ ದಾರಿ ತಿಳಿಯುತ್ತದೆ.

ಆಡುಮಾತನ್ನು ಆ ಸೀಮೆಯ ಅಡುಗೆಯವರಿಗೇ ಓದಿಸಿ ನೋಡಬೇಕು. ಒಂದೇ ಬರಹದಲ್ಲಿ ‘ಬರ್ರಿ’ ಜೊತೆ ಮೈಸೂರು ಕಡೆಯ ‘ಬನ್ನಿ’ ನುಸುಳಿದರೆ ಹುಬ್ಬಳ್ಳಿಯವರು ನಕ್ಕಾರು. ಹ್ಯಾಷ್‌ಟ್ಯಾಗ್‌ನಲ್ಲಿ #ಜೋಳದ ರೊಟ್ಟಿ ಎಂದು ಬಿಡಿಸಿ ಬರೆದರೆ ಅದು ‘ಜೋಳದ’ಕ್ಕೇ ಮುಗಿಯುತ್ತದೆ, #ಜೋಳದರೊಟ್ಟಿ ಎಂದು ಕೂಡಿಸಬೇಕು.